ಒರಟು ಮೇಲ್, ಒಳ್ಳೆಯ ಮೇಲ್: ಮೂರು ಬಗೆಯ ಸ್ಲೈಡ್‌ಗಳನ್ನು ಮಾಡಿ ನೋಡಿದೆ

ಬೆಳಗಾವಿಯ ಉದ್ಯಮಬಾಗದ ಒಂದು ಮಷಿನ್ ಶಾಪ್‌ನಲ್ಲಿ ಖರೀದಿ ವಿಭಾಗ ನೋಡಿಕೊಳ್ಳುತ್ತೇನೆ. ಹೊಸ ಹುಡುಗರಿಗೆ ಮೇಲ್ ಬರೆಯುವುದನ್ನು ಕಲಿಸಲು, ಮೊಬೈಲಿನಲ್ಲಿ ಸರಿಸುತ್ತ ಓದುವ ಸ್ಲೈಡ್‌ಗಳನ್ನು ಮಾಡಲು ಕುಳಿತೆ. ಉದಾಹರಣೆಗೆ, ಎರಕದ ಮಾಲಿನ ಗಡಸುತನ ಪರೀಕ್ಷೆಯ ವರದಿ ಕಳಿಸದ ಸರಬರಾಜುದಾರರಿಗೆ ನಾನೇ ಸಿಟ್ಟಿನಲ್ಲಿ ಬರೆದಿದ್ದ ಮೇಲನ್ನು ತೆಗೆದುಕೊಂಡೆ:

"ನೀವು ಇನ್ನೂ ಹಾರ್ಡ್‌ನೆಸ್ ರಿಪೋರ್ಟ್ ಕಳಿಸಿಲ್ಲ. ಎಷ್ಟು ಸಲ ಹೇಳಬೇಕು? ಕೂಡಲೇ ಕಳಿಸಿ."

ಮೊದಲು ಈ ಒರಟು ಮೇಲ್, ಅದನ್ನು ತಿದ್ದಿ ಬರೆದ ಮೇಲ್ ಎರಡನ್ನೂ ಒಂದೇ ಸ್ಲೈಡಿನಲ್ಲಿ ಎಡಬಲಕ್ಕೆ ಇಟ್ಟೆ. ಕಂಪ್ಯೂಟರಿನಲ್ಲಿ ಚೆಂದವಿತ್ತು. ಮೊಬೈಲಿನಲ್ಲಿ ಮಾತ್ರ ಸಾಲಿಗೆ ಎರಡೇ ಪದ ಹಿಡಿಯುತ್ತಿದ್ದವು. "ಕಳುಹಿಸಿಕೊಡುತ್ತೀರಾ" ಎಂಬ ಒಂದು ಪದವೇ ಅರ್ಧ ಪರದೆ ತಿನ್ನುತ್ತದೆ. ಆಮೇಲೆ ಒರಟು ಮೇಲನ್ನು ಒಂದು ಸ್ಲೈಡಿನಲ್ಲಿ, ತಿದ್ದಿದ್ದನ್ನು ಮುಂದಿನದರಲ್ಲಿ ಇಟ್ಟೆ. ಅಕ್ಷರ ದೊಡ್ಡದಾಯಿತು, ಆದರೆ ಬದಲಾದ ಪದ ಯಾವುದೆಂದು ನೋಡಲು ಎಲ್ಲರೂ ಹಿಂದೆ ಮುಂದೆ ಸರಿಸುತ್ತಲೇ ಇದ್ದರು. ಕೊನೆಗೆ 1080 × 1350 ಪಿಕ್ಸೆಲ್‌ನ ಉದ್ದ ಸ್ಲೈಡಿನಲ್ಲಿ ಒಂದೊಂದೇ ವಾಕ್ಯ: ಮೇಲೆ ಒರಟು, ಕೆಳಗೆ ತಿದ್ದಿದ್ದು, ಬದಲಾದ ಪದಕ್ಕೆ ಮಾತ್ರ ಬಣ್ಣ. ಇಡೀ ಮೇಲ್ ಕೊನೆಯ ಸ್ಲೈಡಿಗೆ. ನನ್ನ ಮತ ಇದಕ್ಕೇ.

ವಿನ್ಯಾಸಕ್ಕಿಂತ ಹೆಚ್ಚು ಕಾಡಿದ್ದು ತಿದ್ದುಪಡಿ. ನನ್ನ ಮೊದಲ "ಒಳ್ಳೆಯ" ಮೇಲ್ ಹೀಗಿತ್ತು: "ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ. ತಮಗೆ ಬಿಡುವಾದಾಗ, ಸಾಧ್ಯವಾದರೆ, ರಿಪೋರ್ಟ್ ಕಳುಹಿಸಿಕೊಡಬೇಕಾಗಿ ವಿನಂತಿ." ನಮ್ಮ ಫೋರ್‌ಮನ್ ಕಾಕಾ ಓದಿ, "ಇದರಲ್ಲಿ ಯಾವ ಮಾಲು, ಯಾವತ್ತಿಗೆ ಬೇಕು ಎಂದು ಎಲ್ಲಿದೆ? ಇದಕ್ಕಿಂತ ನಿನ್ನ ಬೈಗುಳವೇ ವಾಸಿ" ಎಂದರು. ನಿಜ, ಬೈಗುಳದಲ್ಲಿ ಕೂಡಲೇ ಬೇಕು ಎಂಬುದಾದರೂ ಇತ್ತು.

ಉಳಿಸಿಕೊಂಡದ್ದು ಇದು:

"ನಮಸ್ಕಾರ. ಸೋಮವಾರ ಬಂದ 40 ಕಾಸ್ಟಿಂಗ್‌ಗಳ ಹಾರ್ಡ್‌ನೆಸ್ ರಿಪೋರ್ಟ್ ನಮಗೆ ಇನ್ನೂ ತಲುಪಿಲ್ಲ. ಅದಿಲ್ಲದೆ ಮಾಲನ್ನು ಮಷಿನಿಗೆ ಹಾಕುವಂತಿಲ್ಲ. ಬುಧವಾರ ಮಧ್ಯಾಹ್ನ 3 ಗಂಟೆಯೊಳಗೆ ಕಳುಹಿಸಿಕೊಡುತ್ತೀರಾ? ತಡವಾಗುವಂತಿದ್ದರೆ ಯಾವಾಗ ಸಿಗುತ್ತದೆ ಎಂದು ತಿಳಿಸಿ, ಬೇರೆ ಕೆಲಸ ಮೊದಲು ಹಿಡಿಯುತ್ತೇವೆ."

"ನೀವು ಕಳಿಸಿಲ್ಲ" ಎಂಬುದು "ನಮಗೆ ತಲುಪಿಲ್ಲ" ಎಂದಾದ ಸ್ಲೈಡೇ ನನಗೆ ಹೆಚ್ಚು ಇಷ್ಟ. ಮೊದಲನೆಯದರಲ್ಲಿ ತಪ್ಪಿತಸ್ಥ ವಾಕ್ಯದ ಬಾಗಿಲಲ್ಲೇ ನಿಂತಿದ್ದಾನೆ. ಎರಡನೆಯದು ಮೃದು ಮಾತ್ರವಲ್ಲ, ಹೆಚ್ಚು ಸರಿಯೂ ಹೌದು: ಅವರು ಕಳಿಸಿ, ಅದು ನಮ್ಮ ಸ್ಪ್ಯಾಮ್‌ನಲ್ಲಿ ಬಿದ್ದಿದ್ದರೆ? ಹಾಗೆ ಒಮ್ಮೆ ಆಗಿ, ನಾನೇ ಕ್ಷಮೆ ಕೇಳಿದ್ದೆ. ಆದರೆ "ದಯವಿಟ್ಟು" ಎಂಬ ಪದ ಅಂಟಿಸಿದರೆ ಸಾಕೆಂದುಕೊಂಡು ಮಾಡಿದ ಸ್ಲೈಡನ್ನು ಅಳಿಸಿದೆ. "ದಯವಿಟ್ಟು ಕೂಡಲೇ ಕಳಿಸಿ" ಎಂದರೆ ಹಲ್ಲು ಕಚ್ಚಿಕೊಂಡು ನಕ್ಕಂತೆ ಕೇಳಿಸುತ್ತದೆ. ಅದರ ಬದಲು ಗಡುವನ್ನೂ ಕಾರಣವನ್ನೂ ಬರೆದು, ಆಜ್ಞೆಯನ್ನು ಪ್ರಶ್ನೆಯಾಗಿಸಿದೆ.

ಎರಡನೆಯ ಸಲ ನೆನಪಿಸುವ ಮೇಲಿಗೂ ಇದೇ ಅಚ್ಚು ನಡೆಯಿತು, ಹಿಂದಿನ ಮೇಲಿನ ದಿನಾಂಕ ಸೇರಿಸಿದರಾಯಿತು. ಮೂರನೆಯದಕ್ಕೆ ಸ್ಲೈಡ್ ಮಾಡಿಲ್ಲ. ಅಷ್ಟು ಹೊತ್ತಿಗೆ ನಾನು ಫೋನ್ ಎತ್ತಿರುತ್ತೇನೆ.