ಫಾಸ್ಟ್ ಡಿಕಪಲ್ಡ್ ಅಥವಾ ಪೂರ್ಣ ಜಾಕೋಬಿಯನ್: ಯಾವ ಜಾಲಕ್ಕೆ ಯಾವುದು?

ಹುಬ್ಬಳ್ಳಿಯಲ್ಲಿ ಎಂ.ಟೆಕ್ ಮಾಡುತ್ತಿರುವ ಗೆಳೆಯರೊಬ್ಬರು ಕೇಳಿದ್ದರು: 3000 ಬಸ್‌ಗಳ ವಿದ್ಯುತ್ ಜಾಲಕ್ಕೆ ಯಾವ ಲೋಡ್ ಫ್ಲೋ ವಿಧಾನ ಹಾಕಲಿ, ಫಾಸ್ಟ್ ಡಿಕಪಲ್ಡೋ, ಪೂರ್ಣ ಜಾಕೋಬಿಯನ್ ಬಳಸುವ ನ್ಯೂಟನ್ನೋ?

ಮೊದಲು ವೇಗ. ಪೂರ್ಣ ನ್ಯೂಟನ್‌ನಲ್ಲಿ ಸುಮಾರು 6000 ಸಮೀಕರಣಗಳ ಜಾಕೋಬಿಯನ್ ಅನ್ನು ಪ್ರತಿ ಸುತ್ತಿನಲ್ಲೂ ಹೊಸದಾಗಿ ಕಟ್ಟಿ, ಅಪವರ್ತಿಸಬೇಕು. ಆದರೆ ನಾಲ್ಕೈದು ಸುತ್ತಿಗೇ ಮುಗಿಯುತ್ತದೆ. 1974ರಲ್ಲಿ ಸ್ಟಾಟ್ ಮತ್ತು ಅಲ್ಸಾಕ್ ಕೊಟ್ಟ ಫಾಸ್ಟ್ ಡಿಕಪಲ್ಡ್‌ನಲ್ಲಿ B′, B″ ಎಂಬ ಎರಡು ಚಿಕ್ಕ ಮ್ಯಾಟ್ರಿಕ್ಸ್‌ಗಳನ್ನು ಒಮ್ಮೆ ಅಪವರ್ತಿಸಿದರೆ ಸಾಕು. ಸುತ್ತುಗಳು ಜಾಸ್ತಿ, ಆದರೆ ಪ್ರತಿ ಸುತ್ತೂ ಅಗ್ಗ. ಒಂದೊಂದೇ ಲೈನ್ ತೆಗೆದು ನೂರಾರು ಸಲ ಓಡಿಸುವುದಾದರೆ ಇದೇ ಒಳ್ಳೆಯದು. ನಿಖರತೆಯ ಚಿಂತೆ ಬೇಡ: ಮಿಸ್‌ಮ್ಯಾಚ್ ಅನ್ನು ಪೂರ್ಣ ಸಮೀಕರಣದಿಂದಲೇ ಲೆಕ್ಕ ಹಾಕುವುದರಿಂದ, ಲೆಕ್ಕ ಉತ್ತರಕ್ಕೆ ಬಂದು ಸೇರಿದರೆ ಎರಡರಲ್ಲೂ ಉತ್ತರ ಅದೇ.

ಸೇರುತ್ತದೆಯೇ ಅನ್ನೋದೇ ನಿಜವಾದ ಪ್ರಶ್ನೆ. 400 ಕೆವಿ ಲೈನಿನಲ್ಲಿ R/X ಸುಮಾರು 0.1, ಹಾಗಾಗಿ P ಕೋನಕ್ಕೆ, Q ವೋಲ್ಟೇಜಿಗೆ ಅಂಟಿಕೊಂಡಿರುತ್ತದೆ; ಇವೆರಡನ್ನೂ ಬೇರೆ ಬೇರೆಯಾಗಿ ಬಿಡಿಸಬಹುದು ಎಂಬುದೇ ಫಾಸ್ಟ್ ಡಿಕಪಲ್ಡ್‌ನ ಊಹೆ. ಆದರೆ ಹಾವೇರಿ ಕಡೆಯ ಪಂಪ್‌ಸೆಟ್ ಫೀಡರ್ ತೆಗೆದುಕೊಳ್ಳಿ. 11 ಕೆವಿ ರ್‍ಯಾಬಿಟ್ ತಂತಿಯಾದರೆ ಕಿಲೋಮೀಟರಿಗೆ R 0.55 ಓಮ್, X ಸುಮಾರು 0.35. ಅನುಪಾತ 1.5 ದಾಟಿತು, ಅಲ್ವಾ? ಇಲ್ಲಿ ಆ ಊಹೆಯೇ ಮುರಿಯುತ್ತದೆ. ಪ್ರತಿ ಸುತ್ತಿನ ಗರಿಷ್ಠ ΔP, ΔQ ಪ್ರಿಂಟ್ ಮಾಡಿ ನೋಡಿ: ಇಳಿಯದೆ ಮೇಲೆ ಕೆಳಗೆ ತೂಗಾಡುತ್ತಿದ್ದರೆ ಸುಮ್ನೆ ಸುತ್ತು ಹೆಚ್ಚಿಸಬೇಡಿ, ನ್ಯೂಟನ್‌ಗೆ ಹೋಗಿ. ವೋಲ್ಟೇಜ್ ಕುಸಿಯುವ ಹಂತದ ಭಾರೀ ಲೋಡಿಗೂ ನ್ಯೂಟನ್ನೇ ಗಟ್ಟಿ. ಆದರೂ ಕುಸಿತದ ತುದಿಯಲ್ಲಿ ಅದೂ ನಿಲ್ಲಬಹುದು.

ನಿಮ್ಮ ಜಾಲ 220 ಕೆವಿ ಮತ್ತು ಮೇಲಿನದೇ ಆದರೆ ಫಾಸ್ಟ್ ಡಿಕಪಲ್ಡ್‌ನಿಂದ ಶುರು ಮಾಡಿ. ಸೇರದ ಕೇಸುಗಳನ್ನಷ್ಟೇ ನ್ಯೂಟನ್‌ಗೆ ಕೊಡಿ.