ಮೂರು ವೀಲ್‌ಚೇರ್, ಒಂದು ಗಾಳಿ ಕುಶನ್: ನನ್ನ ಆರು ವರ್ಷ

ಮೋಟಾರ್ ವೀಲ್‌ಚೇರ್ ತಂದ ಮೂರನೇ ತಿಂಗಳು ನನ್ನ ಬಲಗಡೆ ಕುಂಡೆಯಲ್ಲಿ ನಾಣ್ಯದಷ್ಟು ದೊಡ್ಡ ಕಪ್ಪು ಕಲೆ ಕಾಣಿಸಿತು. ನೋಡಿದವಳು ಹೆಂಡತಿ. ಅಡಿಕೆ ಮರದಿಂದ ಬಿದ್ದಾಗಿನಿಂದ ನನಗೆ ಸೊಂಟದ ಕೆಳಗೆ ಏನೂ ಗೊತ್ತಾಗುವುದಿಲ್ಲ. ಅವಳು ಬೆರಳಿಂದ ಒತ್ತಿ ಬಿಟ್ಟಳು, ಬಣ್ಣ ಬದಲಾಗಲಿಲ್ಲ. ಆ ಜಾಗ ಸುತ್ತಲಿನ ಚರ್ಮಕ್ಕಿಂತ ಬಿಸಿ ಇತ್ತು, ಸ್ವಲ್ಪ ಗಟ್ಟಿಯೂ ಆಗಿತ್ತು. ನಮ್ಮಂಥ ಕಪ್ಪು ಚರ್ಮದಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ, ಬಿಸಿ ಮತ್ತು ಗಟ್ಟಿತನವನ್ನೇ ನಂಬಬೇಕು. ಒತ್ತಡದಿಂದ ಆಗುವ ಹುಣ್ಣಿನ ಶುರು ಅದು. ಐದು ವಾರ ಬೋರಲು ಮಲಗಿದೆ. ಶಿರಸಿಯ ನನ್ನ ಜೆರಾಕ್ಸ್ ಅಂಗಡಿಗೆ ಬೀಗ ಬಿತ್ತು.

80 ಸಾವಿರ ಕೊಟ್ಟ ಕುರ್ಚಿ ಅದು! ಅದಕ್ಕೆ ಮೊದಲು ಇದ್ದದ್ದು ಆಸ್ಪತ್ರೆಗಳಲ್ಲಿ ಕಾಣುವ ಮಡಿಚುವ ಸ್ಟೀಲ್ ಕುರ್ಚಿ, 7 ಸಾವಿರದ್ದು. ಸೀಟು 18 ಇಂಚು, ನನ್ನ ಸೊಂಟ 14. ವರ್ಷ ತುಂಬುವುದರೊಳಗೆ ಅದರ ರೆಕ್ಸಿನ್ ತೊಟ್ಟಿಲಿನ ಹಾಗೆ ಜೋತುಬಿತ್ತು. ಮೊಣಕಾಲು ಒಂದಕ್ಕೊಂದು ತಾಗುತ್ತಿದ್ದವು, ಬೆನ್ನು ಬಾಗಿ ಭಾರವೆಲ್ಲ ಬಾಲದ ಎಲುಬಿನ ಮೇಲೆ. ಚಕ್ರ ದೂರ ಇದ್ದದ್ದರಿಂದ ತಳ್ಳುವಾಗ ಭುಜ ನೋವು. ಭುಜ ನೋವಿಗೆ ಮದ್ದು ಮೋಟಾರ್ ಅಂತ ನಾನೇ ತೀರ್ಮಾನ ಮಾಡಿದೆ. ಎಡವಿದ್ದು ಅಲ್ಲೇ.

ಮೋಟಾರ್ ಕುರ್ಚಿಯ ಸೀಟು ಇನ್ನೂ ಅಗಲ, 20 ಇಂಚು. ಅಂಗಡಿಯವರು "ಆರಾಮಾಗಿ ಕೂರಬಹುದು ಸಾರ್" ಅಂದರು. ಜಾಯ್‌ಸ್ಟಿಕ್ ಬಲಗಡೆ ಇತ್ತು. ಅದನ್ನು ಮುಟ್ಟೋಕೆ ದಿನವಿಡೀ ಬಲಕ್ಕೆ ವಾಲುತ್ತಿದ್ದೆ. ಸೊಂಟವೇ ಓರೆಯಾಗಿ, ಬಲಗಡೆಯ ಕೂರುವ ಎಲುಬು ತೆಳ್ಳಗಿನ ಸ್ಪಂಜನ್ನು ಒತ್ತಿ ಹಲಗೆಗೆ ತಾಗುತ್ತಿತ್ತು. ಕಲೆ ಬಂದದ್ದು ಸರಿಯಾಗಿ ಆ ಎಲುಬಿನ ಮೇಲೆ. ಜೊತೆಗೆ ಮಳೆಗಾಲದ ಕರೆಂಟು, ಮನೆಯ ಮೂರು ಮೆಟ್ಟಿಲು, ಎತ್ತೋಕೆ ನಾಲ್ಕು ಜನ.

ಈಗ ಎರಡು ವರ್ಷದಿಂದ ಬಳಸುತ್ತಿರುವುದು ಅಳತೆ ಕೊಟ್ಟು ಮಾಡಿಸಿದ ಹಗುರ ಕುರ್ಚಿ. 42 ಸಾವಿರ. ಅಳತೆ ತೆಗೆದ ಫಿಸಿಯೊಥೆರಪಿಸ್ಟ್ ಮೇಡಂ ಸೀಟನ್ನು 15 ಇಂಚಿಗೇ ನಿಲ್ಲಿಸಿದರು. ಸೀಟಿನ ಮುಂಭಾಗಕ್ಕೂ ಮೊಣಕಾಲಿನ ಹಿಂಬದಿಗೂ ಮಧ್ಯೆ ಎರಡು ಬೆರಳು ಜಾಗ ಬಿಟ್ಟರು. ಕಾಲಿಡುವ ಹಲಗೆಯನ್ನು ಕುಶನ್ ಹಾಕಿ ನನ್ನನ್ನು ಕೂರಿಸಿದ ಮೇಲೆಯೇ ಹೊಂದಿಸಿದರು. ಅದು ಎತ್ತರವಾದರೆ ತೊಡೆ ಮೇಲೆದ್ದು ಭಾರವೆಲ್ಲ ಕುಂಡೆಗೆ ಬರುತ್ತದಂತೆ, ತಗ್ಗಾದರೆ ಮೈ ಮುಂದಕ್ಕೆ ಜಾರುತ್ತದಂತೆ. ಅಲ್ಲಿವರೆಗೆ ನಾನು ಒಮ್ಮೆಯೂ ಆ ಹಲಗೆಯ ಕಡೆ ನೋಡಿದವನಲ್ಲ. ಈಗ ಬಚ್ಚಲ ಬಾಗಿಲಲ್ಲೂ ಕುರ್ಚಿ ಹೋಗುತ್ತದೆ!

ಆದರೆ ನನ್ನ ನಿಜವಾದ ಪ್ರೀತಿ ಕುಶನ್ ಮೇಲೆ. ರಬ್ಬರಿನ ಸಣ್ಣ ಸಣ್ಣ ಗಾಳಿ ಗುಳ್ಳೆಗಳದ್ದು, 22 ಸಾವಿರ. ಬೆಲೆ ಕೇಳಿ ಮನೆಯವರು ಬೈದರು. ಮೊದಲ ವಾರ ನಾನೂ ಬೈದೆ, ಯಾಕೆಂದರೆ ಗಾಳಿ ತುಂಬಾ ಹಾಕಿ ಕಲ್ಲಿನ ಹಾಗೆ ಮಾಡಿಕೊಂಡಿದ್ದೆ. ಗುಳ್ಳೆಯೊಳಗೆ ಮೈ ಇಳಿಯಬೇಕು, ಅದರ ಮೇಲೆ ತೇಲಬಾರದು. ಈಗ ದಿನಾ ಬೆಳಿಗ್ಗೆ ಕಾಫಿ ಆದ ಮೇಲೆ ಕುಶನ್ ಮೇಲೆ ಕೂತು ಕೈಯನ್ನು ಕುಂಡೆಗೂ ಕುಶನ್‌ಗೂ ಮಧ್ಯೆ ತೂರಿಸುತ್ತೇನೆ. ಕೂರುವ ಎಲುಬನ್ನು ಹುಡುಕಿ, ಅದರ ಕೆಳಗೆ ಬೆರಳಿಡುತ್ತೇನೆ. ಎಲುಬಿಗೂ ತಳಕ್ಕೂ ಮಧ್ಯೆ ಅರ್ಧದಿಂದ ಒಂದು ಇಂಚು ಇದ್ದರೆ ಸರಿ. ಬೆರಳು ಅಪ್ಪಚ್ಚಿಯಾದರೆ ಎರಡು ಪಂಪು. ಸುಮ್ನೆ ಮೇಲಿಂದ ಒತ್ತಿ ನೋಡಿದರೆ ಏನೂ ತಿಳಿಯದು. ದೇವಿಮನೆ ಘಾಟ್ ಇಳಿದು ಕುಮಟಾಕ್ಕೆ ಹೋದಾಗಲೂ ಒಮ್ಮೆ ನೋಡುತ್ತೇನೆ, ಕೆಳಗೆ ಗಾಳಿಯ ಒತ್ತಡ ಜಾಸ್ತಿ, ಗುಳ್ಳೆ ಸ್ವಲ್ಪ ಕುಗ್ಗುತ್ತದೆ.

ಕುಶನ್ ಇದೆ ಅಂತ ಬಗ್ಗೋದು ತಪ್ಪಲಿಲ್ಲ. ಅರ್ಧ ಗಂಟೆಗೊಮ್ಮೆ ಎದೆ ತೊಡೆಗೆ ತಾಗುವ ಹಾಗೆ ಮುಂದಕ್ಕೆ ಬಾಗಿ ಎರಡು ನಿಮಿಷ ಇರುತ್ತೇನೆ. ಹಿಂದೆ ಕೈ ಊರಿ ಹತ್ತು ಸೆಕೆಂಡು ಮೇಲೇಳುತ್ತಿದ್ದೆ. ಅಷ್ಟರಲ್ಲಿ ಒತ್ತಿದ ಜಾಗಕ್ಕೆ ರಕ್ತ ವಾಪಸ್ ಬರುವುದಿಲ್ಲ, ಭುಜ ಬೇರೆ ಹಾಳು. ಗಿರಾಕಿಗಳು ಮೊದಮೊದಲು "ಏನು ಬಿತ್ತು ಅಣ್ಣಾ?" ಅಂತ ನೆಲ ನೋಡುತ್ತಿದ್ದರು.

ಹಗುರ ಕುರ್ಚಿಯ ತಾಪತ್ರಯ ಒಂದೇ, ಮುಂದಿನ ಪುಟ್ಟ ಚಕ್ರ. ನಮ್ಮ ರಸ್ತೆಯ ಒಂದು ಜಲ್ಲಿಕಲ್ಲು ಸಾಕು, ಗಕ್ಕನೆ ನಿಲ್ಲುತ್ತದೆ, ನಾನು ಮುಂದಕ್ಕೆ. ಎರಡು ಸಲ ಬಿದ್ದಿದ್ದೇನೆ.

ಮೋಟಾರ್ ಕುರ್ಚಿಗೆ ಶಾಪ ಹಾಕಿದ್ದು ಜಾಸ್ತಿಯಾಯಿತೇನೋ. ಕೈಯಲ್ಲಿ ಬಲವಿಲ್ಲದವರಿಗೆ ಅದೇ ಬೇಕು. ಆದರೆ ಇಡೀ ಸೀಟು ಹಿಂದಕ್ಕೆ ವಾಲುವಂಥದ್ದನ್ನು ಕೇಳಿ ತಗೊಳ್ಳಿ. ಬರೀ ಬೆನ್ನು ಮಾತ್ರ ಮಲಗುವಂಥದ್ದರಲ್ಲಿ ಮೈ ಜಾರಿ ಚರ್ಮ ಎಳೆಯುತ್ತದೆ. ನನ್ನದರಲ್ಲಿ ಎರಡೂ ಇಲ್ಲ. ಆದರೂ ಮಾರಿಲ್ಲ. ಚಾರ್ಜ್ ಮಾಡದೆ ಬಿಟ್ಟು ಒಂದು ಜೋಡಿ ಬ್ಯಾಟರಿ ಸತ್ತಿತು, ಈಗ ಬಳಸದಿದ್ದರೂ ಚಾರ್ಜಿಗೆ ಹಾಕುತ್ತೇನೆ. ಮಾರಿಕಾಂಬಾ ಜಾತ್ರೆಯ ದಿನ ಆ ಏರಿನಲ್ಲಿ ಕೈಯಲ್ಲಿ ತಳ್ಳಿಕೊಂಡು ಹೋಗೋಕೆ ಆಗಲ್ಲ ಅಲ್ವಾ. ಅಗಲ ಸೀಟಿನ ಎರಡೂ ಪಕ್ಕ ಟವೆಲ್ ಸುರುಳಿ ತುರುಕಿ, ಗಾಳಿ ಕುಶನ್ ಹಾಕಿ, ಎಲುಬಿನ ಕೆಳಗೆ ಬೆರಳಿಟ್ಟು ನೋಡಿಕೊಂಡು ಹೊರಡುತ್ತೇನೆ.