‘ಅಕ್ಕಿ ಬೆಲೆ’ ಅಂತ ಎರಡೇ ಪದ ಹಾಕಿದರೆ ಸಾಕಾ? ಒಂದು ಧಾರಣೆ ಆ್ಯಪ್‌ ಬಳಸಿದ ಅನುಭವ

ತುಮಕೂರಿನಲ್ಲಿ ಬಿ.ಎಚ್. ರಸ್ತೆ ಹತ್ತಿರ ನನ್ನದೊಂದು ಊಟದ ಮೆಸ್ ಇದೆ. ಅಕ್ಕಿ ಮೂಟೆ ತರಿಸುವ ಮುಂಚೆ ಈ ಆ್ಯಪ್‌ನಲ್ಲಿ ಧಾರಣೆ ನೋಡುವುದು ವರ್ಷಗಳಿಂದ ರೂಢಿ. ಬೆಳಿಗ್ಗೆ ಒಲೆ ಮುಂದೆ ನಿಂತು ಉದ್ದುದ್ದ ಟೈಪ್ ಮಾಡೋಕೆ ಪುರುಸೊತ್ತು ಎಲ್ಲಿ? ‘ಅಕ್ಕಿ ಬೆಲೆ’ ಅಂತ ಹಾಕುತ್ತೇನೆ, ಅಷ್ಟೇ. ಊರಿಲ್ಲ, ತಾರೀಖಿಲ್ಲ, ಯಾವ ಅಕ್ಕಿ ಅಂತಲೂ ಇಲ್ಲ.

ಬಿಟ್ಟಿದ್ದನ್ನು ಆ್ಯಪ್ ತಾನೇ ತುಂಬಿಕೊಳ್ಳುತ್ತದೆ. ನನಗೆ ಹಿಡಿಸಿದ್ದು ಏನೆಂದರೆ, ಏನು ತುಂಬಿಕೊಂಡೆ ಅಂತ ಮೇಲೇ ಒಂದು ಸಾಲಿನಲ್ಲಿ ತೋರಿಸುತ್ತದೆ: ತುಮಕೂರು, ಕೊನೆಯ ವಹಿವಾಟಿನ ದಿನ, ಸೋನಾ ಮಸೂರಿ, ಕ್ವಿಂಟಲ್‌ಗೆ. ಯಾವುದನ್ನು ಒತ್ತಿದರೂ ಬದಲಾಯಿಸಬಹುದು. ಇದು ಬೇಕೇಬೇಕು. ಯಾಕೆಂದರೆ ಇದೇ ಎರಡು ಪದವನ್ನು ಗದ್ದೆ ಇರುವವರು ಹಾಕಿದರೆ ಅವರ ಮನಸ್ಸಿನಲ್ಲಿ ಇರುವುದು ಭತ್ತದ ರೇಟು. ಒಂದು ಕ್ವಿಂಟಲ್ ಭತ್ತ ಮಿಲ್‌ಗೆ ಹಾಕಿದರೆ ಸಿಗುವ ಅಕ್ಕಿ ಸುಮಾರು 67 ಕೆಜಿ. ಆ ರೇಟನ್ನು ಅಕ್ಕಿಯದು ಅಂದುಕೊಂಡರೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಅದಕ್ಕೇ ಕೆಳಗೆ ‘ಭತ್ತ’, ‘ಚಿಲ್ಲರೆ’ ಅಂತ ಎರಡು ಬಟನ್ ಇಟ್ಟಿದ್ದಾರೆ.

ನನ್ನ ಲೆಕ್ಕ ಹೀಗಿರುತ್ತದೆ. ಕ್ವಿಂಟಲ್‌ಗೆ 5,200 ಅಂತ ತೋರಿಸಿತು ಅಂದುಕೊಳ್ಳಿ. ಕೆಜಿಗೆ 52 ಆಯಿತು. 26 ಕೆಜಿ ಮೂಟೆಗೆ 1,352. ಅಂಗಡಿಯವರು 1,480 ಅಂದರೆ ಕೆಜಿಗೆ ಹತ್ತಿರ ಹತ್ತಿರ 5 ರೂಪಾಯಿ ಜಾಸ್ತಿ. ಅದರಲ್ಲಿ ಹಮಾಲಿ, ಸಾಗಣೆ, ಅವರ ಲಾಭ ಎಲ್ಲ ಸೇರಿದೆ, ಒಪ್ಪುತ್ತೇನೆ. ಆದರೆ ಮೂಟೆ 25 ಕೆಜಿಯದೋ 26 ಕೆಜಿಯದೋ ಮೊದಲು ನೋಡಿಕೊಳ್ಳಿ. 2022ರ ಜುಲೈನಲ್ಲಿ 25 ಕೆಜಿವರೆಗಿನ ಲೇಬಲ್ ಹಾಕಿದ ಪ್ಯಾಕೆಟ್‌ಗಳಿಗೆ 5% ಜಿಎಸ್‌ಟಿ ಬಂದ ಮೇಲೆ 26 ಕೆಜಿ ಮೂಟೆ ಜಾಸ್ತಿಯಾಗಿದೆ. ಆ್ಯಪ್‌ನ ‘ಚಿಲ್ಲರೆ’ ಪುಟದಲ್ಲಿ ಬರೀ ‘ಮೂಟೆ’ ಅಂತಿದೆ, ತೂಕ ಹಾಕಿಲ್ಲ. ಇದು ಸರಿಯಲ್ಲ.

ಎಡವುವುದು ಎರಡು ಕಡೆ. ಫೋನಿನಲ್ಲಿ ಲೊಕೇಶನ್ ಆಫ್ ಇದ್ದರೆ ನೆಟ್‌ವರ್ಕ್ ನೋಡಿ ಊರು ಊಹಿಸುತ್ತದೆ, ಆಗ ಬೆಂಗಳೂರಿನ ರೇಟು ಬರುತ್ತದೆ. ಮೇಲಿನ ಸಾಲು ಓದಿದರೆ ತಕ್ಷಣ ಗೊತ್ತಾಗುತ್ತದೆ. ಇನ್ನೊಂದು ಸ್ವಲ್ಪ ಕಷ್ಟದ್ದು. ಕೆಲವು ದಿನ ಕನಿಷ್ಠ 3,400, ಗರಿಷ್ಠ 6,200 ಅಂತ ಬಂದಿರುತ್ತದೆ. ಒಂದೇ ಅಕ್ಕಿಗೆ ಒಂದೇ ದಿನ ಅಷ್ಟು ಅಂತರ ಇರುವುದಿಲ್ಲ, ಅಲ್ವಾ? ದಪ್ಪಕ್ಕಿ, ಸಣ್ಣಕ್ಕಿ ಎಲ್ಲ ಒಂದೇ ಸಾಲಿಗೆ ಸೇರಿರುತ್ತವೆ. ಅಂಥ ದಿನ ನಡುವಿನ ರೇಟು ನಂಬಿ ಚೌಕಾಶಿಗೆ ಇಳಿಯಬೇಡಿ. ‘ಸೋನಾ ಮಸೂರಿ ಸ್ಟೀಮ್’ ಅಂತ ಪೂರ್ತಿ ಹಾಕಿ ಮತ್ತೆ ಹುಡುಕಿ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಹಳೆ ಅಕ್ಕಿಗಾಗಿ. ಹೊಸ ಅಕ್ಕಿ ಅನ್ನ ಮುದ್ದೆ ಕಟ್ಟುತ್ತದೆ, ಮೆಸ್‌ಗೆ ಆಗುವುದಿಲ್ಲ. ಹಳೆಯದಕ್ಕೆ ರೇಟೂ ಬೇರೆ. ‘ಹಳೆ ಅಕ್ಕಿ ಬೆಲೆ’ ಅಂತ ಹಾಕಿದರೆ ಈ ಆ್ಯಪ್ ಹಳೇ ತಾರೀಖಿನ ಬೆಲೆ ತೋರಿಸುತ್ತದೆ. ಇದನ್ನು ಸರಿಮಾಡಿ ಅಂತ ಬರೆದು ಕಳಿಸಿದ್ದೇನೆ, ಇನ್ನೂ ಆಗಿಲ್ಲ.